"ನೋಡಿ ಹೇಳುತ್ತೇನೆ" ಅಂದವರು ಸುಮ್ಮನಾಗಿದ್ದಾರೆ. ಇನ್ನೊಂದು ಮೆಸೇಜ್ ಮಾಡಲಾ, ಬೇಡವಾ?

ಚುಕ್ಕಿಗೆರೆ

ನಾನು ಲೋಗೋ, ಲೇಬಲ್ ಡಿಸೈನ್ ಮಾಡುತ್ತೇನೆ. ಒಬ್ಬನೇ. ಕೆಲಸ ಬರುವುದೆಲ್ಲ ಇನ್‌ಸ್ಟಾಗ್ರಾಮ್ ಡಿಎಂನಲ್ಲಿ. ನನ್ನ ತೊಂದರೆ ಇದು.

ಈ ತಿಂಗಳು 2ನೇ ತಾರೀಕು ಒಬ್ಬರು ಮೆಸೇಜ್ ಮಾಡಿದರು. ಮನೆಯಲ್ಲೇ ಸೋಪು ಮಾಡಿ ಮಾರುತ್ತಾರೆ, ಲೇಬಲ್ ಬೇಕು ಅಂದರು. ತುಂಬಾ ಚೆನ್ನಾಗಿ ಮಾತಾಡಿದರು, ನನ್ನ ಹಳೇ ಕೆಲಸದ ಎರಡು ಪೋಸ್ಟ್ ಕಳಿಸಿ "ಈ ತರಹದ್ದು" ಅಂತಲೂ ಹೇಳಿದರು. 3ನೇ ತಾರೀಕು ದರ ಕಳಿಸಿದೆ. "ಸರಿ, ನೋಡಿ ಹೇಳುತ್ತೇನೆ" ಅಂದು ಕೈ ಮುಗಿಯುವ ಎಮೋಜಿ ಹಾಕಿದರು. ಅಷ್ಟೇ. 7ಕ್ಕೆ "ಹಲೋ ಮೇಡಂ, ನೋಡಿದಿರಾ?" ಅಂತ ಕೇಳಿದೆ, ಸೀನ್ ಆಯಿತು, ಉತ್ತರ ಇಲ್ಲ. 9ಕ್ಕೆ "ಏನಾದರೂ ಅಪ್‌ಡೇಟ್ ಇದೆಯಾ?" ಅಂತ ಕೇಳಿದೆ, ಅದೂ ಸೀನ್. ಇವತ್ತು 12.

ಬೇಡ ಅಂದಿದ್ದರೆ ನನಗೆ ಏನೂ ಬೇಸರ ಇಲ್ಲ. ಆದರೆ ಬೇಡ ಅಂತ ಹೇಳಿಲ್ಲ. ನನ್ನ ಸ್ಟೋರಿಗಳನ್ನು ಬೇರೆ ದಿನಾ ನೋಡುತ್ತಿದ್ದಾರೆ. ಮತ್ತೆ ಕೇಳಿದರೆ ಕಾಟ ಕೊಟ್ಟಂತೆ ಆಗುತ್ತದೆ, ಕೇಳದಿದ್ದರೆ ಕೆಲಸ ಕೈ ಬಿಡುತ್ತದೆ. ಇದೇ ರೀತಿ ನಿಂತ ಚಾಟ್‌ಗಳು ನನ್ನ ಹತ್ತಿರ ಒಟ್ಟು 14 ಇವೆ. ನೀವೆಲ್ಲ ಏನು ಮಾಡುತ್ತೀರಿ?

ಮಾತುಗಾರ_88

ಕೇಳಬೇಕು ಸರ್, ಕೇಳದೆ ಯಾರೂ ಕೊಡುವುದಿಲ್ಲ. ನಾನು ಹಲವಾರು ವರ್ಷ ಫೋನ್ ಸೇಲ್ಸ್‌ನಲ್ಲಿ ಇದ್ದವನು. ಎರಡು ಸಲ ಕೇಳಿ ಬಿಟ್ಟರೆ ಆ ಗಿರಾಕಿ ಬೇರೆಯವರ ಪಾಲು. ದಿನ ಬಿಟ್ಟು ದಿನ ಒಂದು ಮೆಸೇಜ್ ಹಾಕಿ. ಅವರ ಪ್ರೊಫೈಲ್‌ನಲ್ಲಿ ನಂಬರ್ ಇದ್ದರೆ ನೇರ ಫೋನ್ ಮಾಡಿ, ಎರಡು ನಿಮಿಷದಲ್ಲಿ ಹೌದೋ ಅಲ್ಲವೋ ಗೊತ್ತಾಗುತ್ತದೆ. ಅದೂ ಆಗಲಿಲ್ಲ ಅಂದರೆ ಹತ್ತು ಪರ್ಸೆಂಟ್ ಕಡಿಮೆ ಮಾಡಿ ಹೇಳಿ. ಬಂದೇ ಬರುತ್ತಾರೆ.

ಕ್ಯಾಮೆರಾ_ಕಣ್ಣು

ಇದು ನನ್ನ ಕಥೆಯೇ! ಫೋಟೋ ತೆಗೆದು, ಎಡಿಟ್ ಮಾಡಿ, ಪೂರ್ತಿ ಆಲ್ಬಂ ಕೊಟ್ಟು 40 ದಿನ ಆಯಿತು. ಉಳಿದ ಅರ್ಧ ದುಡ್ಡು ಕೇಳಿದರೆ ಸೀನ್ ಮಾಡಿ ಸುಮ್ಮನಿರುತ್ತಾರೆ. ಇಂಥವರಿಗೆ ವಿನಯವಾಗಿ ಕೇಳಿ ಏನು ಪ್ರಯೋಜನ? ನಾನಂತೂ ಇನ್ನು ದಿನಾ ಮೆಸೇಜ್ ಮಾಡುವುದು ಅಂತ ತೀರ್ಮಾನ ಮಾಡಿದ್ದೇನೆ.

ಹಳೇ_ಇನ್‌ಬಾಕ್ಸ್

ಕ್ಯಾಮೆರಾ ಅವರೇ, ನಿಮ್ಮದು ಬೇರೆ ವಿಷಯ. ನಿಮಗೆ ಅವರು ದುಡ್ಡು ಕೊಡಬೇಕು, ಅದು ಬಾಕಿ. ಅಲ್ಲಿ ತಾರೀಕು, ಮೊತ್ತ, ಬಿಲ್ ಹಿಡಿದು ನೇರವಾಗಿ ಕೇಳುವುದೇ ಸರಿ. ಚುಕ್ಕಿಗೆರೆ ಅವರ ವಿಷಯದಲ್ಲಿ ಆ ಮೇಡಂ ಯಾವ ಬಾಕಿಯನ್ನೂ ಉಳಿಸಿಕೊಂಡಿಲ್ಲ, ಒಂದು ಉತ್ತರ ಬಿಟ್ಟರೆ. ಅದೂ ಅವರಿಷ್ಟ. ಈ ಎರಡನ್ನು ಒಂದೇ ದನಿಯಲ್ಲಿ ಕೇಳಬಾರದು.

ಚುಕ್ಕಿಗೆರೆ, ಒಂದು ಕೆಲಸ ಮಾಡಿ. 3ನೇ ತಾರೀಕು ಕಳಿಸಿದ ದರದ ಮೆಸೇಜನ್ನು ಹಾಗೇ ಇಲ್ಲಿ ಹಾಕಿ. ಮೊತ್ತ ತೆಗೆದುಬಿಡಿ. ಅದಕ್ಕೆ ಮೊದಲು ಅವರು ಹೇಳಿದ ಮಾತುಗಳನ್ನೂ ಹಾಕಿ. ಫಾಲೋಅಪ್ ಬಗ್ಗೆ ಆಮೇಲೆ ಮಾತಾಡೋಣ. ನಾನು ಸಣ್ಣ ವ್ಯಾಪಾರಗಳ ಇನ್‌ಬಾಕ್ಸ್ ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ನಾನು ನೋಡಿದ ಮಟ್ಟಿಗೆ, ಜನ ಎಲ್ಲಿ ನಿಂತರು ಅನ್ನುವುದಕ್ಕೆ ಕಾರಣ ಜಾಸ್ತಿ ಸಲ ನಮ್ಮ ಕೊನೆಯ ದೊಡ್ಡ ಮೆಸೇಜ್‌ನಲ್ಲೇ ಇರುತ್ತದೆ.

ಚುಕ್ಕಿಗೆರೆ

ಅವರು ಹೇಳಿದ್ದು: ಮೂರು ಬಗೆಯ ಸೋಪು, ಮೂರಕ್ಕೂ ಗುಂಡಗಿನ ಸ್ಟಿಕ್ಕರ್. 28ಕ್ಕೆ ಹೊಸ ಬ್ಯಾಚ್ ಪ್ಯಾಕ್ ಮಾಡುತ್ತಾರೆ. ಸ್ಟಿಕ್ಕರ್ ಪ್ರಿಂಟ್ ಮಾಡುವವರು 7 ದಿನ ಕೇಳುತ್ತಾರಂತೆ. "ಲೋಗೋ ಇದೆ, ಆದರೆ ಅಷ್ಟು ಚೆನ್ನಾಗಿಲ್ಲ" ಅಂತಲೂ ಅಂದಿದ್ದರು.

ನಾನು ಕಳಿಸಿದ್ದು:

> ಮೇಡಂ ನಮ್ಮಲ್ಲಿ 3 ಪ್ಯಾಕೇಜ್ ಇದೆ. ಬೇಸಿಕ್: 1 ಲೇಬಲ್, 2 ಸಲ ತಿದ್ದುಪಡಿ. ಸ್ಟ್ಯಾಂಡರ್ಡ್: 3 ಲೇಬಲ್, 3 ಸಲ ತಿದ್ದುಪಡಿ. ಪ್ರೀಮಿಯಂ: ಲೋಗೋ + 5 ಲೇಬಲ್ + ಸೋಷಿಯಲ್ ಮೀಡಿಯಾ ಕಿಟ್. ಅರ್ಧ ಅಡ್ವಾನ್ಸ್. ಹೆಚ್ಚಿನ ತಿದ್ದುಪಡಿಗೆ ಬೇರೆ ದರ. ಎಲ್ಲಾ ವಿವರ ಪಿಡಿಎಫ್‌ನಲ್ಲಿ ಇದೆ. ನೋಡಿ ತಿಳಿಸಿ.

ಜೊತೆಗೆ 6 ಪುಟದ ಪಿಡಿಎಫ್. ನಾನು ಎಲ್ಲರಿಗೂ ಇದೇ ಕಳಿಸುವುದು.

ಬೆಳ್ಳಿಮೋಡ

ನಾನು ಆ ಕಡೆಯವಳು. ಅಂದರೆ ಸುಮ್ಮನಾಗುವವಳು. ಅದಕ್ಕೇ ಬರೆಯುತ್ತಿದ್ದೇನೆ.

ಹೋದ ವರ್ಷ ನನ್ನ ಆನ್‌ಲೈನ್ ಕ್ಲಾಸಿಗೆ ಒಂದು ವೆಬ್‌ಸೈಟ್ ಮಾಡಿಸಬೇಕಿತ್ತು. ಮೂವರನ್ನು ಡಿಎಂನಲ್ಲಿ ಕೇಳಿದೆ. ಮೂವರೂ ಪಿಡಿಎಫ್ ಕಳಿಸಿದರು. ರಾತ್ರಿ ಕೂತು ನೋಡೋಣ ಅಂದುಕೊಂಡೆ, ಆ ರಾತ್ರಿ ಬರಲೇ ಇಲ್ಲ. ನಾಲ್ಕು ದಿನ ಆದ ಮೇಲೆ ಒಬ್ಬರು "ನೋಡಿದಿರಾ" ಅಂತ ಕೇಳಿದರು. ನೋಡಿರಲಿಲ್ಲ. ಇಲ್ಲ ಅನ್ನಲು ನಾಚಿಕೆ ಆಯಿತು, ಇವತ್ತು ನೋಡಿಯೇ ಹೇಳೋಣ ಅಂತ ಬಿಟ್ಟೆ. ಅವರು ಮತ್ತೆ ಕೇಳಿದಾಗ ಆ ಚಾಟ್ ತೆರೆಯುವುದಕ್ಕೇ ಮನಸ್ಸು ಬರಲಿಲ್ಲ. ಅವರ ಮೇಲೆ ಸಿಟ್ಟು ಏನೂ ಇರಲಿಲ್ಲ, ದರವೂ ಜಾಸ್ತಿ ಅನಿಸಿರಲಿಲ್ಲ. ದಿನ ಕಳೆದಷ್ಟೂ "ಇಷ್ಟು ದಿನ ಆದ ಮೇಲೆ ಏನಂತ ಬರೆಯುವುದು" ಅನ್ನುವುದೇ ದೊಡ್ಡದಾಯಿತು.

ಸ್ಟೋರಿ ಮಾತ್ರ ನೋಡುತ್ತಿದ್ದೆ. ಬೆರಳು ಸರಿಸಿಕೊಂಡು ಹೋಗುವಾಗ ಬಂದದ್ದನ್ನು ನೋಡುತ್ತೇವೆ, ಅದರಲ್ಲಿ ಏನೂ ಅರ್ಥ ಇಲ್ಲ.

ಹಳೇ_ಇನ್‌ಬಾಕ್ಸ್

ಬೆಳ್ಳಿಮೋಡ ಅವರು ಹೇಳಿದ್ದನ್ನು ಇನ್ನೊಂದು ಸಲ ಓದಿ ಚುಕ್ಕಿಗೆರೆ. ನಿಮ್ಮ ಚಾಟ್‌ನಲ್ಲಿ ಆಗಿರುವುದೂ ಅದೇ ಇರಬಹುದು.

ನಿಮ್ಮ ದರದ ಮೆಸೇಜ್ ನೋಡಿ. ಆ ಮೇಡಂ ಕೇಳಿದ್ದು ಮೂರು ಲೇಬಲ್. ನೀವು ಕೊಟ್ಟದ್ದು ಮೂರು ಪ್ಯಾಕೇಜ್, ತಿದ್ದುಪಡಿ ಲೆಕ್ಕ, ಅಡ್ವಾನ್ಸ್ ಮಾತು, ಆರು ಪುಟದ ಫೈಲ್. ಈಗ ಅವರು ಯಾವುದು ಬೇಕು ಅಂತ ಆರಿಸಬೇಕು, ಲೋಗೋ ಬದಲಿಸಬೇಕೋ ಬೇಡವೋ ಯೋಚಿಸಬೇಕು, ದುಡ್ಡು ಹೊಂದಿಸಬೇಕು. ಕೊನೆಗೆ "ನೋಡಿ ತಿಳಿಸಿ". ಅದು ಪ್ರಶ್ನೆ ಅಲ್ಲ, ಹೋಂವರ್ಕ್. ಅವರೂ ವಿನಯದಿಂದ "ನೋಡಿ ಹೇಳುತ್ತೇನೆ" ಅಂದರು. ಆ ಕ್ಷಣದಿಂದ ಅವರ ಮೇಲೆ ಒಂದು ಮಾತಿನ ಭಾರ ಬಿತ್ತು.

ಆಮೇಲೆ ನೀವು ಎರಡು ಸಲ ಕೇಳಿದಿರಿ. ಎರಡರಲ್ಲೂ ಹೊಸದು ಏನೂ ಇಲ್ಲ. "ನೋಡಿದಿರಾ" ಅಂದರೆ ಹೋಂವರ್ಕ್ ಮಾಡಿದಿರಾ ಅಂತ. "ಅಪ್‌ಡೇಟ್ ಇದೆಯಾ" ಅಂದರೂ ಅದೇ. ನಿಮ್ಮ ದನಿಯಲ್ಲಿ ತಪ್ಪಿಲ್ಲ, ವಿನಯವಾಗಿಯೇ ಇದೆ. ಆದರೆ ಕಾಟ ಅನಿಸುವುದಕ್ಕೆ ದನಿಗಿಂತ ಇದು ದೊಡ್ಡ ಕಾರಣ. ಪ್ರತಿ ಮೆಸೇಜೂ ಹಳೇ ಭಾರವನ್ನು ನೆನಪಿಸುತ್ತದೆ, ಇಳಿಸುವುದಿಲ್ಲ. ಎರಡೇ ಮೆಸೇಜ್ ಕಾಟ ಅನಿಸಬಹುದು. ಬೇರೆ ಬೇರೆ ವಿಷಯ ಇರುವ ನಾಲ್ಕು ಮೆಸೇಜ್ ಕಾಟ ಅನಿಸದೇ ಇರಬಹುದು.

ಮಾತುಗಾರ ಅವರು ಹೇಳಿದ್ದರಲ್ಲಿ ಒಂದು ಮಾತು ಸರಿ: ಎರಡಕ್ಕೇ ಬಿಡಬೇಡಿ. ಆದರೆ ದಿನ ಬಿಟ್ಟು ದಿನ ಬೇಡ, ಫೋನೂ ಬೇಡ. ಅವರು ಡಿಎಂನಲ್ಲಿ ಮಾತು ಶುರು ಮಾಡಿದ್ದಾರೆ ಅಂದರೆ ತಮಗೆ ಬಿಡುವಾದಾಗ ಉತ್ತರಿಸುವ ದಾರಿಯನ್ನೇ ಆರಿಸಿಕೊಂಡಿದ್ದಾರೆ. ಅವರಾಗಿ ನಂಬರ್ ಕೊಡದೆ ಇದ್ದಕ್ಕಿದ್ದಂತೆ ಫೋನ್ ಮಾಡಿದರೆ ಬಾಗಿಲಿಗೇ ಬಂದು ನಿಂತಂತೆ. ದರ ಇಳಿಸುವುದಂತೂ ಈಗ ಬೇಡವೇ ಬೇಡ. ದರವೇ ಕಾರಣ ಅಂತ ಯಾರು ಹೇಳಿದರು? ಅವರು ಹೇಳಿಲ್ಲ. ಸುಮ್ಮನಿದ್ದರೆ ಇಳಿಯುತ್ತದೆ ಅಂತ ನೀವೇ ಕಲಿಸಿದ ಹಾಗಾಗುತ್ತದೆ, ಮೊದಲು ಹೇಳಿದ ದರದ ಮೇಲೂ ನಂಬಿಕೆ ಹೋಗುತ್ತದೆ.

ಮಾತುಗಾರ_88

ಒಪ್ಪುತ್ತೇನೆ ಮೇಡಂ, ಡಿಸ್ಕೌಂಟ್ ಮಾತು ಆತುರದ್ದು. ಆದರೆ ಫೋನ್ ಬಗ್ಗೆ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಬರೆಯಲು ಬೇಜಾರು ಪಡುವವರು ಎಷ್ಟೋ ಜನ ಇದ್ದಾರೆ, ಮಾತಾಡಿದರೆ ಸಲೀಸಾಗಿ ಹೇಳುತ್ತಾರೆ. "ಫೋನ್‌ನಲ್ಲಿ ಮಾತಾಡಬಹುದಾ" ಅಂತ ಕೇಳಿಯಾದರೂ ನೋಡಬಹುದಲ್ವಾ?

ಹಳೇ_ಇನ್‌ಬಾಕ್ಸ್

ಕೇಳಬಹುದು. ಕೇಳಿ ಮಾಡುವುದು ಬೇರೆ, ಹಾಗೇ ಮಾಡುವುದು ಬೇರೆ.

ಗುಂಡಿ_ಒತ್ತಿದೆ

ಇದಕ್ಕೆ ಆಟೊಮೇಷನ್ ಟೂಲ್ ಇಟ್ಟುಕೊಳ್ಳಿ. ಉತ್ತರ ಬರಲಿಲ್ಲ ಅಂದರೆ 3ನೇ ದಿನ, 7ನೇ ದಿನ, 14ನೇ ದಿನ ತಾನೇ ಮೆಸೇಜ್ ಹೋಗುತ್ತದೆ. 14 ಚಾಟ್ ಕೈಯಲ್ಲಿ ನೋಡಿಕೊಳ್ಳುವುದು ಯಾಕೆ?

ಹಳೇ_ಇನ್‌ಬಾಕ್ಸ್

ಡಿಎಂನಲ್ಲಿ ಅದು ಹಾಗೆ ನಡೆಯುವುದಿಲ್ಲ. ಇನ್‌ಸ್ಟಾಗ್ರಾಮ್ ಆಗಲಿ ಮೆಸೆಂಜರ್ ಆಗಲಿ, ಎಪಿಐ ಮೂಲಕ, ಅಂದರೆ ಆಪ್‌ನ ಹೊರಗಿನಿಂದ, ಟೂಲ್ ಕಳಿಸುವ ಮೆಸೇಜಿಗೆ 24 ಗಂಟೆಯ ಗಡುವು ಇದೆ. ಅವರ ಕೊನೆಯ ಮೆಸೇಜ್ ಬಂದ ಹೊತ್ತಿನಿಂದ ಲೆಕ್ಕ. ಮನುಷ್ಯರೇ ಕೂತು ಉತ್ತರಿಸುವುದಕ್ಕೆ ಅಂತ 7 ದಿನದ ಒಂದು ರಿಯಾಯಿತಿ ಇದೆ, ಅದನ್ನು ಆಟೊಮ್ಯಾಟಿಕ್ ಮೆಸೇಜಿಗೆ ಬಳಸುವ ಹಾಗಿಲ್ಲ. ವಾಟ್ಸಾಪ್ ಎಪಿಐನಲ್ಲೂ 24 ಗಂಟೆ ಕಳೆದರೆ ಮೊದಲೇ ಒಪ್ಪಿಗೆ ಪಡೆದ ಟೆಂಪ್ಲೇಟ್ ಮಾತ್ರ ಕಳಿಸಬಹುದು. ಚುಕ್ಕಿಗೆರೆ ಅವರು ಆಪ್‌ನಲ್ಲಿ ಕೈಯಾರೆ ಟೈಪ್ ಮಾಡುತ್ತಾರೆ, ಅವರಿಗೆ ಈ ತಡೆ ಇಲ್ಲ.

ತಡೆ ಇಲ್ಲದಿದ್ದರೂ ನಾನು ಟೂಲ್ ಬೇಡ ಅನ್ನುತ್ತೇನೆ. ಈ ಚಾಟ್‌ನಲ್ಲಿ ಇರುವ ಒಳ್ಳೇ ವಿಷಯ ಅಂದರೆ 28ನೇ ತಾರೀಕು. ಅದನ್ನು ಇಂಥ ಟೂಲ್ ಓದಿ ಲೆಕ್ಕ ಹಾಕುವುದಿಲ್ಲ, ಅದರ ಪಾಡಿಗೆ 14ನೇ ದಿನ ಅಂತ ಕಳಿಸುತ್ತದೆ.

ಚುಕ್ಕಿಗೆರೆ

28 ಹೇಗೆ ಬಳಸುವುದು? ಅರ್ಥ ಆಗಲಿಲ್ಲ.

ಹಳೇ_ಇನ್‌ಬಾಕ್ಸ್

ಹಿಂದಿನಿಂದ ಎಣಿಸಿ. 28ಕ್ಕೆ ಪ್ಯಾಕಿಂಗ್. ಪ್ರಿಂಟ್ ಮಾಡುವವರಿಗೆ 7 ದಿನ, ಅಂದರೆ 21ಕ್ಕೆ ಫೈಲ್ ಅವರ ಕೈಯಲ್ಲಿರಬೇಕು. ನಿಮಗೆ ಮೂರು ಲೇಬಲ್ ಮಾಡಿ, ತಿದ್ದಿ ಕೊಡಲು ಎಷ್ಟು ದಿನ?

ಚುಕ್ಕಿಗೆರೆ

6 ದಿನ ಬೇಕು. ಅವರು ಬೇಗ ಬೇಗ ಉತ್ತರಿಸಿದರೆ 5.

ಹಳೇ_ಇನ್‌ಬಾಕ್ಸ್

ಹಾಗಾದರೆ 15ಕ್ಕೆ ಶುರು ಆಗಬೇಕು. ಇವತ್ತು 12. ಇದು ಅವರಿಗೆ ಗೊತ್ತಿಲ್ಲದೆ ಇರಬಹುದು. "ತಿಂಗಳ ಕೊನೆಗೆ ತಾನೇ, ಇನ್ನೂ ಟೈಮ್ ಇದೆ" ಅಂದುಕೊಂಡಿರಬಹುದು. ನಿಮ್ಮ ಮೂರನೇ ಮೆಸೇಜಿಗೆ ಇದೇ ವಿಷಯ. ನಿಮ್ಮ ಅನುಕೂಲಕ್ಕೆ ಹುಟ್ಟಿಸಿದ ಅವಸರ ಅಲ್ಲ, ಅವರೇ ಹೇಳಿದ ತಾರೀಕು. "ಎರಡೇ ಸ್ಲಾಟ್ ಉಳಿದಿದೆ" ಅಂತೆಲ್ಲ ಬರೆಯುತ್ತಾರಲ್ಲ, ಅದು ಸುಳ್ಳಾದರೆ ಒಂದಲ್ಲ ಒಂದು ದಿನ ಅವರಿಗೆ ಗೊತ್ತಾಗುತ್ತದೆ. ಇದರಲ್ಲಿ ಸುಳ್ಳೇ ಇಲ್ಲ.

ಸಾಮಾನ್ಯವಾಗಿ ಎರಡು ಸಲ ಕೇಳಿ ಉತ್ತರ ಬಾರದಿದ್ದರೆ ನಾನು ಒಂದು ವಾರ ಪೂರ್ತಿ ಬಿಡುತ್ತೇನೆ. ಇಲ್ಲಿ ಬಿಟ್ಟರೆ ತಾರೀಕು ದಾಟುತ್ತದೆ. ಅದಕ್ಕೇ ನಾಳೆ ಕಳಿಸಿ, ಅವರು ಮೊದಲು ನಿಮಗೆ ಬರೆದ ಹೊತ್ತಿನ ಆಸುಪಾಸಿನಲ್ಲಿ. ನಾನಾದರೆ ಹೀಗೆ ಬರೆಯುತ್ತಿದ್ದೆ:

> ನಮಸ್ಕಾರ ಮೇಡಂ. ಅವತ್ತು ಒಂದೇ ಸಲ ತುಂಬಾ ವಿವರ ಕಳಿಸಿಬಿಟ್ಟೆ, ಆ ಪಿಡಿಎಫ್ ಓದಬೇಕಾಗಿಲ್ಲ. ನಿಮ್ಮ ಮೂರು ಸೋಪಿಗೆ ಸ್ಟ್ಯಾಂಡರ್ಡ್ ಸಾಕು, ಈಗಿರುವ ಲೋಗೋ ಇಟ್ಟುಕೊಂಡೇ ಮಾಡಬಹುದು. 28ಕ್ಕೆ ಪ್ಯಾಕಿಂಗ್ ಅಂದಿದ್ದಿರಿ. ಪ್ರಿಂಟಿಗೆ 7 ದಿನ ಬಿಟ್ಟರೆ ನಾನು 15ಕ್ಕೆ ಶುರು ಮಾಡಬೇಕಾಗುತ್ತದೆ. 28 ಹಾಗೇ ಇದೆಯಾ, ಮುಂದೆ ಹೋಗಿದೆಯಾ?

ಇದರಲ್ಲಿ ಗಮನಿಸಿ. ಉತ್ತರ ಕೊಡಲಿಲ್ಲ ಅನ್ನುವ ಮಾತೇ ಇಲ್ಲ. ಪಿಡಿಎಫ್ ಓದದೆ ಇದ್ದದ್ದಕ್ಕೆ ಅವರು ಕಾರಣ ಹೇಳಬೇಕಾಗಿಲ್ಲ. ಆರಿಸುವ ಕೆಲಸವನ್ನು ನೀವೇ ಮಾಡಿಕೊಟ್ಟಿದ್ದೀರಿ, ಅದೂ ದೊಡ್ಡ ಪ್ಯಾಕೇಜನ್ನು ತಳ್ಳದೆ. ಪ್ರಶ್ನೆ ಒಂದೇ. ಅದೂ ದುಡ್ಡಿನ ಬಗ್ಗೆ ಅಲ್ಲ, ತಾರೀಕಿನ ಬಗ್ಗೆ. "ಹಾಗೇ ಇದೆ" ಅಂತ ಒಂದು ಮಾತಿನಲ್ಲಿ ಉತ್ತರ ಕೊಡಬಹುದು. ಕೆಲಸ ಕೊಡುತ್ತೀರಾ ಅಂತ ಕೇಳಿದರೆ ಹೌದು ಅನ್ನಲು ಧೈರ್ಯ ಬೇಕು, ಇಲ್ಲ ಅನ್ನಲೂ ಧೈರ್ಯ ಬೇಕು. ತಾರೀಕು ಹೇಳಲು ಏನೂ ಬೇಡ.

ಇದಕ್ಕೂ ಉತ್ತರ ಬರಲಿಲ್ಲ ಅಂದರೆ 28 ಕಳೆಯುವವರೆಗೆ ಒಂದು ಅಕ್ಷರವನ್ನೂ ಕಳಿಸಬೇಡಿ.

ಚುಕ್ಕಿಗೆರೆ

ಹಳೇ ಎರಡು ಮೆಸೇಜ್ ಅನ್‌ಸೆಂಡ್ ಮಾಡಿಬಿಡಲಾ? ನೋಡಿದರೆ ನನಗೇ ಮುಜುಗರ ಆಗುತ್ತಿದೆ.

ಹಳೇ_ಇನ್‌ಬಾಕ್ಸ್

ಬೇಡ. ಅವರು ಆಗಲೇ ಓದಿದ್ದಾರೆ. ನೋಡಿದ್ದು ಮಾಯವಾದರೆ ಯಾಕೆ ಅಳಿಸಿದರು ಅನ್ನುವ ಯೋಚನೆ ಬೇರೆ. ವಾಟ್ಸಾಪ್‌ನಲ್ಲಾದರೆ ಮೆಸೇಜ್ ಅಳಿಸಿದ ಗುರುತು ಬೇರೆ ಉಳಿಯುತ್ತದೆ.

ಸೀನ್ ಬಗ್ಗೆಯೂ ಒಂದು ಮಾತು. ಅದನ್ನು ಅಷ್ಟು ನಂಬಬೇಡಿ. ವಾಟ್ಸಾಪ್‌ನಲ್ಲಿ ನೀಲಿ ಟಿಕ್ ಆಫ್ ಮಾಡಿಟ್ಟವರು ಓದಿದ್ದರೂ ಬೂದು ಬಣ್ಣದಲ್ಲೇ ಇರುತ್ತದೆ. ಇನ್‌ಸ್ಟಾಗ್ರಾಮ್‌ನಲ್ಲೂ ಈಗ ಅದನ್ನು ಆಫ್ ಮಾಡಬಹುದು. ಸೀನ್ ಆಯಿತು ಅಂದರೆ ಚಾಟ್ ತೆರೆಯಿತು ಅಂತ ಅಷ್ಟೇ, ಪಿಡಿಎಫ್ ಓದಿದರು ಅಂತ ಅಲ್ಲ. "ನೀವು ನೋಡಿದ್ದೀರಿ ಅಂತ ಕಾಣಿಸಿತು" ಅಂತಲೋ, "ಸ್ಟೋರಿ ನೋಡಿದಿರಲ್ಲ" ಅಂತಲೋ ಯಾವತ್ತೂ ಬರೆಯಬೇಡಿ. ಯಾರೋ ತನ್ನನ್ನು ಗಮನಿಸುತ್ತಿದ್ದಾರೆ ಅನಿಸಿದ ಕೂಡಲೇ ಜನ ದೂರ ಸರಿಯುತ್ತಾರೆ.

ತಂತಿಬೇಲಿ

28 ಆದ ಮೇಲೆ ಏನು? ಎಲ್ಲರೂ "ಕೊನೆಯ ಮೆಸೇಜ್" ಕಳಿಸಿ ಅಂತ ಹೇಳುತ್ತಾರೆ, "ಇನ್ನು ನಿಮ್ಮನ್ನು ಕೇಳುವುದಿಲ್ಲ, ಫೈಲ್ ಮುಚ್ಚುತ್ತಿದ್ದೇನೆ" ಅಂತ. ನನಗೆ ಅಂಥ ಮೆಸೇಜ್ ಬಂದಾಗ ತುಂಬಾ ಕೆಟ್ಟದಾಗಿ ಅನಿಸಿತು. ಮುನಿಸಿಕೊಂಡು ಹೋದ ಹಾಗಿತ್ತು. ನಾನಾದರೆ ಮೂರರ ನಂತರ ಸುಮ್ಮನಾಗುತ್ತೇನೆ, ಅಷ್ಟೇ. ಬರಬೇಕಾದವರು ಬರುತ್ತಾರೆ.

ಬೆಳ್ಳಿಮೋಡ

ನನಗೆ ಉಲ್ಟಾ ಆಯಿತು. ಆ ಮೂವರಲ್ಲಿ ಒಬ್ಬರು ಒಂದು ತಿಂಗಳ ಮೇಲೆ ಹೀಗೆ ಬರೆದರು: "ವೆಬ್‌ಸೈಟ್ ಬೇರೆಯವರ ಹತ್ತಿರ ಮಾಡಿಸಿದ್ದರೂ, ಸದ್ಯಕ್ಕೆ ಬೇಡ ಅನಿಸಿದ್ದರೂ ಏನೂ ತೊಂದರೆ ಇಲ್ಲ. ಈ ಬಗ್ಗೆ ನಾನು ಮತ್ತೆ ಕೇಳುವುದಿಲ್ಲ. ಯಾವಾಗ ಬೇಕಾದರೂ ಇಲ್ಲೇ ಬರೆಯಿರಿ." ಓದಿ ಎಷ್ಟು ಹಗುರ ಆಯಿತು ಅಂದರೆ ಆ ಕ್ಷಣವೇ ಉತ್ತರ ಬರೆದೆ, ಬೇರೆಯವರ ಹತ್ತಿರ ಮಾಡಿಸಿದೆ, ಕ್ಷಮಿಸಿ ಅಂತ. ಅವರಿಗೆ ಕೆಲಸ ಸಿಗಲಿಲ್ಲ ನಿಜ. ಆದರೆ ಉತ್ತರ ಸಿಕ್ಕಿತು.

ಹಳೇ_ಇನ್‌ಬಾಕ್ಸ್

ಎರಡೂ ನಿಜ ಅನಿಸುತ್ತದೆ. "ಫೈಲ್ ಮುಚ್ಚುತ್ತಿದ್ದೇನೆ" ಅನ್ನುವುದರಲ್ಲಿ ಬೆದರಿಕೆಯ ವಾಸನೆ ಇದೆ. ಅದನ್ನು ಕೆಲವರು ಬೇಕಂತಲೇ ಹಾಗೆ ಬರೆಯುತ್ತಾರೆ, ಹೆದರಿ ಉತ್ತರಿಸಲಿ ಅಂತ. ಬೆಳ್ಳಿಮೋಡ ಅವರಿಗೆ ಬಂದ ಮೆಸೇಜ್ "ಇಲ್ಲ" ಅನ್ನುವುದನ್ನು ಸುಲಭ ಮಾಡಿತು. ನಾನು ಕಳಿಸುವುದು ಅಂಥದ್ದನ್ನೇ, ಮೂರರಿಂದ ನಾಲ್ಕು ವಾರದ ಮೇಲೆ, ಒಂದೇ ಸಲ. ಆದರೆ ಮತ್ತೆ ಕೇಳುವುದಿಲ್ಲ ಅಂತ ಬರೆದ ಮೇಲೆ ನಿಜವಾಗಿಯೂ ಕೇಳಬಾರದು. ಎರಡು ತಿಂಗಳ ನಂತರ "ಹೊಸ ಆಫರ್" ಅಂತ ಅದೇ ಚಾಟ್‌ಗೆ ಹಾಕಿದರೆ ಕೊಟ್ಟ ಮಾತು ಮುರಿದಂತೆ.

ತಂತಿಬೇಲಿ

ಆ ಮಾತುಗಳಲ್ಲಿ ಬರೆದರೆ ಇಷ್ಟು ಕೆಟ್ಟದಾಗಿ ಅನಿಸುತ್ತಿರಲಿಲ್ಲವೇನೋ. ಆದರೂ ನನ್ನ ಮಟ್ಟಿಗೆ ಮೂರಕ್ಕೆ ನಿಲ್ಲಿಸುವುದೇ ವಾಸಿ. ನಾಲ್ಕನೆಯದು ಅವರಿಗಿಂತ ನಮ್ಮ ಸಮಾಧಾನಕ್ಕೆ ಅನಿಸುತ್ತದೆ.

ಕ್ಯಾಮೆರಾ_ಕಣ್ಣು

ನನ್ನದು ಬಾಕಿ ವಿಷಯ ಅಂತ ಈಗ ಅರ್ಥ ಆಯಿತು, ಬಿಲ್ ಹಾಕಿ ತಾರೀಕು ಬರೆದು ಕಳಿಸುತ್ತೇನೆ. ಇನ್ನೊಂದು ಕೇಳುತ್ತೇನೆ, ಇದು ಹೊಸ ಗಿರಾಕಿಗಳ ಬಗ್ಗೆಯೇ. ವಾಯ್ಸ್ ಮೆಸೇಜ್ ಕಳಿಸಿದರೆ ಹೇಗೆ? ಮನುಷ್ಯರ ದನಿ ಕೇಳಿದರೆ ಆತ್ಮೀಯ ಅನಿಸುತ್ತದೆ.

ಮಾತುಗಾರ_88

ನನಗೆ ಅದರಿಂದ ಒಳ್ಳೇ ಉತ್ತರ ಬಂದಿದೆ. 20 ಸೆಕೆಂಡ್ ಮೀರಬಾರದು.

ಬೆಳ್ಳಿಮೋಡ

ನಾನು ಜನರ ನಡುವೆ ಇದ್ದರೆ ವಾಯ್ಸ್ ಕೇಳುವುದೇ ಇಲ್ಲ. ಆಮೇಲೆ ಕೇಳೋಣ ಅಂತ ಬಿಟ್ಟರೆ ಅದೂ ಬಾಕಿಯ ಪಟ್ಟಿಗೆ ಸೇರುತ್ತದೆ. ಅವರು ಮೊದಲು ವಾಯ್ಸ್ ಕಳಿಸಿದ್ದರೆ ಕಳಿಸಿ.

ಹಳೇ_ಇನ್‌ಬಾಕ್ಸ್

ಚುಕ್ಕಿಗೆರೆ, ಉಳಿದ 13 ಚಾಟ್ ಬಗ್ಗೆ. ಎಲ್ಲರಿಗೂ ಒಂದೇ ಮೆಸೇಜ್ ಕಾಪಿ ಮಾಡಿ ಹಾಕಬೇಡಿ. ಒಂದು ಪುಸ್ತಕದಲ್ಲಿ ನಾಲ್ಕು ಕಾಲಂ ಎಳೆಯಿರಿ. ಹೆಸರು, ಅವರು ಕೊನೆಗೆ ಹೇಳಿದ್ದು ಅವರದೇ ಮಾತಿನಲ್ಲಿ, ನೀವು ಇಲ್ಲಿವರೆಗೆ ಎಷ್ಟು ಸಲ ಕೇಳಿದಿರಿ, ಮುಂದೆ ಕೇಳುವ ತಾರೀಕು. ಎರಡನೇ ಕಾಲಂ ತುಂಬಾ ಮುಖ್ಯ. "ಗಂಡನ ಹತ್ತಿರ ಕೇಳಿ ಹೇಳುತ್ತೇನೆ" ಅಂದವರು, "ಸಂಬಳ ಆದ ಮೇಲೆ" ಅಂದವರು, ಬರೀ ಥಂಬ್ಸ್ ಅಪ್ ಹಾಕಿದವರು, ಇವರು ಒಂದೇ ಅಲ್ಲ. ಮೊದಲನೆಯವರಿಗೆ ಇನ್ನೊಬ್ಬರಿಗೆ ತೋರಿಸಲು ಸುಲಭವಾಗುವಂತೆ ಒಂದೇ ಚಿತ್ರದಲ್ಲಿ ದರ ಮತ್ತು ಕೆಲಸದ ವಿವರ ಬೇಕಾಗಬಹುದು. ಎರಡನೆಯವರನ್ನು ಸಂಬಳದ ದಿನಕ್ಕೆ ಮುಂಚೆ ಕೇಳುವುದೇ ತಪ್ಪು. ಥಂಬ್ಸ್ ಅಪ್ ಹಾಕಿದವರಿಗೆ ಬಹುಶಃ ಅಷ್ಟು ಆಸಕ್ತಿಯೇ ಇರಲಿಲ್ಲ, ಒಂದು ಸಲ ಕೇಳಿ ಬಿಡಿ.

ಇನ್ನು ಹೊಸದಾಗಿ ದರ ಕಳಿಸುವಾಗ ಕೊನೆಯ ಸಾಲಿನಲ್ಲಿ "ನೋಡಿ ತಿಳಿಸಿ" ಬೇಡ. "ಶುಕ್ರವಾರದೊಳಗೆ ನಿಮ್ಮಿಂದ ಮೆಸೇಜ್ ಬರದಿದ್ದರೆ ನಾನೇ ಒಂದು ಸಲ ಕೇಳಲಾ?" ಅಂತ ಬರೆಯಿರಿ. ಬಹಳ ಜನ "ಕೇಳಿ" ಅನ್ನುತ್ತಾರೆ. ಆಮೇಲೆ ಶುಕ್ರವಾರ ನೀವು ಬರೆದರೆ ಅದು ಕಾಟ ಅಲ್ಲ, ಅವರೇ ಒಪ್ಪಿದ್ದು. ಶುಕ್ರವಾರ ಅಂದ ಮೇಲೆ ಬುಧವಾರ ಬರೆಯಬೇಡಿ.

ಚುಕ್ಕಿಗೆರೆ

ನಿನ್ನೆ, ಅಂದರೆ 13ಕ್ಕೆ, ಮಧ್ಯಾಹ್ನ ಕಳಿಸಿದೆ. ನಿಮ್ಮ ಮಾತುಗಳನ್ನೇ ಬಳಸಿದೆ, ಒಂದೆರಡು ಕಡೆ ನನ್ನ ಧಾಟಿಗೆ ತಿದ್ದಿದೆ. ಸಂಜೆಯವರೆಗೆ ಸೀನ್ ಕೂಡ ಆಗಲಿಲ್ಲ. ಇವತ್ತು ಬೆಳಿಗ್ಗೆ ಇದು ಬಂತು:

> ಸಾರಿ ಸರ್ ಉತ್ತರ ಕೊಡೋಕೆ ಆಗಲಿಲ್ಲ. ಒಂದು ಬಗೆ ಸೋಪು ಸರಿ ಬಂದಿಲ್ಲ, ಮತ್ತೆ ಮಾಡಬೇಕು. ಪ್ಯಾಕಿಂಗ್ ಮುಂದಕ್ಕೆ ಹೋಗಿದೆ. ಮುಂದಿನ ತಿಂಗಳು 10 ಆದಮೇಲೆ ನೋಡೋಣ. 2 ಲೇಬಲ್ ಮಾತ್ರ ಮೊದಲು ಮಾಡಿಸಬಹುದಾ?

ದರದ ಬಗ್ಗೆ ಒಂದು ಮಾತೂ ಇಲ್ಲ! ಸೋಪೇ ಸರಿ ಬಂದಿಲ್ಲ. ನಾನು ಹತ್ತು ದಿನ ನನ್ನ ದರ ಜಾಸ್ತಿಯಾಯಿತೇನೋ ಅಂತ ಯೋಚಿಸುತ್ತಾ ಕೂತಿದ್ದೆ.

ಈಗ ಏನು ಬರೆಯಲಿ? 10ರವರೆಗೆ ಒಂದು ಸ್ಯಾಂಪಲ್ ಡಿಸೈನ್ ಮಾಡಿ ಕಳಿಸಿದರೆ ಆಸಕ್ತಿ ಉಳಿಯುತ್ತದೆ ಅನಿಸುತ್ತಿದೆ.

ಮಾತುಗಾರ_88

ಕಳಿಸಿ ಸರ್. ಕಣ್ಣಿಗೆ ಕಂಡರೆ ಮನಸ್ಸು ಬದಲಾಗುವುದಿಲ್ಲ.

ತಂತಿಬೇಲಿ

ಬೇಡ. ಪುಕ್ಕಟೆ ಕೆಲಸ ಮಾಡಿಕೊಟ್ಟರೆ ಅವರ ಮೇಲೆ ಮತ್ತೆ ಭಾರ. ಇಷ್ಟವಾಗದಿದ್ದರೆ ಹೇಳಲೂ ಆಗದೆ ಮತ್ತೆ ಸುಮ್ಮನಾಗುತ್ತಾರೆ.

ಹಳೇ_ಇನ್‌ಬಾಕ್ಸ್

ಸ್ಯಾಂಪಲ್ ವಿಷಯದಲ್ಲಿ ನಾನು ತಂತಿಬೇಲಿ ಅವರ ಕಡೆ. ಆದರೆ ಅದರಿಂದ ಕೆಲಸ ಹಿಡಿದವರನ್ನೂ ನೋಡಿದ್ದೇನೆ, ಆದ್ದರಿಂದ ನಿಮ್ಮ ಇಷ್ಟ.

ಅದಕ್ಕಿಂತ ಮೊದಲು ಅವರ ಪ್ರಶ್ನೆಗೆ ಉತ್ತರ ಕೊಡಿ. 2 ಲೇಬಲ್ ಮಾತ್ರ ಆಗುತ್ತದಾ ಅಂತ ಕೇಳಿದ್ದಾರೆ. ನಿಮ್ಮ ಪಟ್ಟಿಯಲ್ಲಿ 1 ಇದೆ, 3 ಇದೆ, 2 ಇಲ್ಲ. ಪಟ್ಟಿ ತೋರಿಸಬೇಡಿ. ಎರಡಕ್ಕೆ ಎಷ್ಟು ಅಂತ ಒಂದೇ ಮೊತ್ತ ಹೇಳಿ, ಮೂರನೆಯದನ್ನು ಆಮೇಲೆ ಸೇರಿಸಿದರೆ ಎಷ್ಟು ಅಂತ ಇನ್ನೊಂದು ಸಾಲು. "ಸೋಪು ಸರಿ ಬರಲಿ, ನಾನು 11ಕ್ಕೆ ಒಂದು ಸಲ ಕೇಳುತ್ತೇನೆ" ಅಂತ ಮುಗಿಸಿ. ಉತ್ತರ ಇವತ್ತೇ ಹೋಗಲಿ. 10 ಆದ ಮೇಲೆ ಅಂದಿದ್ದಾರೆ, 9ಕ್ಕೆ ಬರೆಯಬೇಡಿ. ನಡುವೆ ಅವರ ಪೋಸ್ಟಿಗೆ ಲೈಕ್ ಹಾಕಬೇಕು ಅನಿಸಿದರೆ ಹಾಕಿ, ಆದರೆ ನೆನಪಿಸುವುದಕ್ಕೆ ಅಂತ ಹಾಕಬೇಡಿ.

ಚುಕ್ಕಿಗೆರೆ

ಕಳಿಸಿದೆ. "ಸರಿ ಸರ್, 11ಕ್ಕೆ ಕೇಳಿ" ಅಂದರು. ಪುಸ್ತಕದಲ್ಲಿ ಬರೆದಿಟ್ಟೆ.

ಉಳಿದ 13 ಚಾಟ್‌ಗಳನ್ನು ಮೊದಲಿನಿಂದ ಓದಿದೆ. ಐದು ಚಾಟ್‌ಗಳಲ್ಲಿ ಎರಡನೇ ಕಾಲಂಗೆ ಬರೆಯಲು ಏನೂ ಸಿಗಲಿಲ್ಲ, ದರ ಕೇಳಿದ್ದು ಬಿಟ್ಟರೆ ಅವರು ಬೇರೆ ಏನೂ ಹೇಳಿಯೇ ಇಲ್ಲ, ನಾನೂ ಏನೂ ಕೇಳದೆ ಪಿಡಿಎಫ್ ಕಳಿಸಿದ್ದೆ. ಇವರಿಗೆ ಏನು ಬರೆಯುವುದು ಅಂತ ಇನ್ನೂ ಗೊತ್ತಾಗುತ್ತಿಲ್ಲ, ಯಾರಾದರೂ ಹೇಳಿ. ಎರಡು ಚಾಟ್‌ಗಳಲ್ಲಿ ಕೊನೆಯ ಮೆಸೇಜ್ ಅವರದ್ದೇ. ಒಬ್ಬರು "ಫೈಲ್ ಯಾವ ಸೈಜಿನಲ್ಲಿ ಕೊಡುತ್ತೀರಿ" ಅಂತ ಕೇಳಿದ್ದಾರೆ, ಇನ್ನೊಬ್ಬರು ಅಡ್ವಾನ್ಸ್ ಎರಡು ಕಂತಿನಲ್ಲಿ ಆಗುತ್ತದಾ ಅಂತ ಕೇಳಿದ್ದಾರೆ. ಕಾಯುತ್ತಿರುವವರು ಅವರು. ಇಬ್ಬರಿಗೂ ತಡವಾದದ್ದಕ್ಕೆ ಕ್ಷಮೆ ಕೇಳಿ ಈಗ ಉತ್ತರ ಬರೆಯುತ್ತಿದ್ದೇನೆ.